ನೂರು ರೊಟ್ಟಿಯ ಲೆಕ್ಕ

ನಮ್ಮ ಕಲಬುರಗಿ ಕಡೆ ಜನವರಿ ಒಂದನೇ ತಾರೀಖಿಗೆ ಡಯೆಟ್ ಶುರು ಮಾಡುವವರಿಗೆ ಒಂದೋ ಧೈರ್ಯ ಜಾಸ್ತಿ, ಇಲ್ಲಾ ಪಂಚಾಂಗ ನೋಡುವ ಅಭ್ಯಾಸ ಇಲ್ಲ. ಎಳ್ಳಮವಾಸ್ಯೆ ಬಂದು ಕೂರುವುದು ಸರಿಯಾಗಿ ಆ ಹೊತ್ತಿಗೇ. ಕೆಲವು ವರ್ಷ ಡಿಸೆಂಬರಿನಲ್ಲೇ ಬಂದು ಮುಗಿದುಹೋಗುತ್ತದೆ, ಆಗ ಸಂಕಲ್ಪ ಮಾಡುವವರಿಗೆ ಸ್ವಲ್ಪ ಉಸಿರಾಡಲು ಸಮಯ ಸಿಗುತ್ತದೆ. 2024ರಲ್ಲಿ ಹಾಗಾಗಲಿಲ್ಲ. ಅಮವಾಸ್ಯೆ ಜನವರಿ 11ಕ್ಕೆ, ಅದರ ಬೆನ್ನಿಗೆ ಭೋಗಿ, 15ಕ್ಕೆ ಸಂಕ್ರಾಂತಿ. ಈ ಸಾಲಿನ ಮುಂದೆ ನಿಂತು "ನಾ ಇವತ್ತಿಂದ 1,200 ಕ್ಯಾಲೊರಿ ಮ್ಯಾಲೆ ಒಂದು ತುತ್ತೂ ತಿನ್ನಂಗಿಲ್ಲ" ಎಂದು ಮನೆಯವರ ಮುಂದೆ ಘೋಷಣೆ ಮಾಡಿದವಳು ನಾನು.

ಅತ್ತೆ ತೊಗರಿ ಬೇಳೆ ಆರಿಸುತ್ತಿದ್ದರು. ತಲೆ ಎತ್ತದೆ ಕೇಳಿದರು, "ಎಳ್ಳಮಾಸಿಗಿ ಹೊಲಕ್ಕ ಬರ್ತೀಯೋ ಇಲ್ಲೋ?"

"ಬರ್ತೀನ್ರಿ ಅತ್ತಿ. ಬರೇ ಅಂಬಲಿ ಕುಡಿತೀನಿ."

"ಹೂಂ," ಎಂದರು. ಆ "ಹೂಂ"ನಲ್ಲಿ ಮುಂದಿನ ಕಥೆಯೆಲ್ಲ ಇತ್ತು. ಆಗ ನನಗೆ ಕೇಳಿಸಲಿಲ್ಲ.

ನನ್ನ ತಯಾರಿ ಮಾತ್ರ ಯುದ್ಧಕ್ಕೆ ಹೊರಟವರ ತಯಾರಿ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಡಯೆಟ್ ಚಾರ್ಟ್ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಕೈಗೆ ಹೆಜ್ಜೆ ಎಣಿಸುವ ಬ್ಯಾಂಡ್ ಬಂತು. ಬಚ್ಚಲಿನ ಬಾಗಿಲ ಪಕ್ಕ ತೂಕದ ಮಷಿನ್ ಬಂತು. ಹಿಟ್ಟು ತೂಗಲು ಅಡುಗೆಮನೆಗೆ ಒಂದು ಪುಟ್ಟ ತಕ್ಕಡಿ ಬಂತು. ಜಿಮ್ಮಿಗೆ ಒಂದು ತಿಂಗಳ ದುಡ್ಡು ಕಟ್ಟಿದರೆ ದುಬಾರಿ, ವರ್ಷದ್ದು ಕಟ್ಟಿದರೆ ಅಗ್ಗ ಎಂದರು. ನಾನು ಗಣಿತದ ಟೀಚರ್, ಭಾಗಾಕಾರ ಬರುತ್ತದೆ. ವರ್ಷದ್ದೇ ಕಟ್ಟಿದೆ. ಆಮೇಲೆ ಹೋದ ದಿನಗಳಿಂದ ಭಾಗಿಸಿ ನೋಡಿದಾಗ ಒಂದು ದಿನದ ವ್ಯಾಯಾಮಕ್ಕೆ ನಾನು ಕೊಟ್ಟ ದುಡ್ಡಿನಲ್ಲಿ ಒಂದು ಒಳ್ಳೆ ಇಳಕಲ್ ಸೀರೆ ಬರುತ್ತಿತ್ತು. ಸ್ವಲ್ಪ ಹೆಚ್ಚು ಹೇಳಿದೆ. ಸೀರೆ ಇಲ್ಲ, ಬ್ಲೌಸ್ ಪೀಸ್ ಖಂಡಿತ.

ಜಿಮ್ಮಿನ ಕಥೆಯನ್ನು ಬೇಗ ಮುಗಿಸುತ್ತೇನೆ, ಅದು ಮುಗಿದದ್ದೂ ಬೇಗ. ಮೊದಲ ದಿನವೇ ಟ್ರೇನರ್ ಹುಡುಗಿ ಸ್ಕ್ವಾಟ್ ಮಾಡಿಸಿದಳು. ಕುಂತು ಏಳುವುದು, ಅಷ್ಟೇ ಅಲ್ವಾ? ಶಾಲೆಯಲ್ಲಿ ಮಕ್ಕಳಿಗೆ ಬಸ್ಕಿ ಹೊಡೆಸುತ್ತಿದ್ದ ಕಾಲದವರ ಶಿಷ್ಯೆ ನಾನು. ಮೂವತ್ತಕ್ಕೆ ಮೂವತ್ತೂ ಮಾಡಿದೆ. ಅವಳು ಸಾಕು ಎಂದಮೇಲೂ ಇನ್ನೊಂದಷ್ಟು ಹಾಕಿದೆ. ಆ ದಿನ ಸಂಜೆ ಏನೂ ಆಗಲಿಲ್ಲ. "ನನ್ನ ಮೈ ಇನ್ನೂ ಗಟ್ಟಿ ಅದ" ಎಂದು ಮಗಳಿಗೆ ಹೇಳಿದೆ. ಮರುದಿನ ಸಣ್ಣಗೆ ಹಿಡಿದುಕೊಂಡಿತು. ಅದರ ಮರುದಿನ ನಮ್ಮ ಶಾಲೆಯ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದೆ. ಹತ್ತುವುದು ಹೇಗೋ ಆಗಿತ್ತು. ಇಳಿಯುವುದಕ್ಕೆ ತೊಡೆಗಳು ಒಪ್ಪಲಿಲ್ಲ. ಕಂಬಿ ಹಿಡಿದು, ಮುಖ ಹಿಂದಕ್ಕೆ ಮಾಡಿ, ಏಣಿ ಇಳಿಯುವವರ ಹಾಗೆ ಒಂದೊಂದೇ ಮೆಟ್ಟಿಲು ಇಳಿದೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಓಡಿ ಬಂದ. "ಅಕ್ಕೋರೆ, ಏನರೆ ಬಿದ್ದದೇನ್ರಿ? ಹುಡಿಕಿ ಕೊಡ್ಲೇನ್ರಿ?" ಎಂದು ಕೇಳಿದ.

ಈ ನೋವಿನ ಬಗ್ಗೆ ವಿಜ್ಞಾನದ ಟೀಚರ್ ನನಗೆ ಸ್ಟಾಫ್ ರೂಮಿನಲ್ಲಿ ಒಂದು ಪಾಠವನ್ನೇ ಮಾಡಿದರು. ಮೈಯೊಳಗೆ ಆಸಿಡ್ ತುಂಬಿಕೊಂಡು ನೋಯುತ್ತದೆ ಅನ್ನುವುದು ಸುಳ್ಳಂತೆ. ಆ ಲ್ಯಾಕ್ಟಿಕ್ ಆಸಿಡ್ ವ್ಯಾಯಾಮ ಮುಗಿದ ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ಅಭ್ಯಾಸವಿಲ್ಲದ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾದಾಗ ಅದರ ಎಳೆಗಳಿಗೆ ಸಣ್ಣಸಣ್ಣ ಪೆಟ್ಟಾಗುತ್ತದೆ. ಬಸ್ಕಿಯಲ್ಲಿ ಕೆಳಗೆ ಕೂರುವಾಗ ಆಗುವುದು ಅದೇ, ಮೆಟ್ಟಿಲು ಇಳಿಯುವಾಗ ಆಗುವುದೂ ಅದೇ. ಅದಕ್ಕೇ ಹತ್ತಲು ಬರುತ್ತದೆ, ಇಳಿಯಲು ಬರುವುದಿಲ್ಲ. ನೋವು ಏರುವುದು ಒಂದರಿಂದ ಮೂರು ದಿನದೊಳಗೆ, ಆಮೇಲೆ ತಾನೇ ಇಳಿಯುತ್ತದೆ. ಮುಖ್ಯ ಮಾತೆಂದರೆ, ಎರಡನೇ ಸಲ ಅದೇ ಬಸ್ಕಿ ಹೊಡೆದರೆ ಇಷ್ಟು ನೋಯುವುದಿಲ್ಲ. ಮೊದಲ ಸಲ ಹತ್ತಕ್ಕೆ ನಿಲ್ಲಿಸಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

"ಹಂಗಾದ್ರ ಎರಡನೇ ಸಲ ಹೋಗ್ರಿ," ಎಂದರು ಅವರು.

ಹೋಗುತ್ತಿದ್ದೆ. ನಮ್ಮ ಮನೆಯ ಸಂಡಾಸ ನೆಲಮಟ್ಟದ್ದು. ಆ ಮೂರು ದಿನ ಅಲ್ಲಿ ನಾನು ಪಟ್ಟ ಪಾಡನ್ನು ಇಲ್ಲಿ ಬರೆಯುವ ಹಾಗಿಲ್ಲ. ನಲ್ಲಿಯ ಪೈಪು ಗೋಡೆಯಿಂದ ಕಿತ್ತು ಬರಲಿಲ್ಲ, ಅದು ಪ್ಲಂಬರನ ಪುಣ್ಯ.

ಜಿಮ್ ಬೇಡ, ನಡಿಗೆ ಸಾಕು ಎಂದು ತೀರ್ಮಾನವಾಯಿತು. ಬೆಳಿಗ್ಗೆ ಪಬ್ಲಿಕ್ ಗಾರ್ಡನ್ನಿಗೆ ಹೋಗಿ, ಅಪ್ಪನ ಕೆರೆಯ ದಂಡೆ ಸುತ್ತಿ ಬರುವುದು. ಬ್ಯಾಂಡಿನಲ್ಲಿ ದಿನಕ್ಕೆ 10,000 ಹೆಜ್ಜೆ ಎಂದು ಮೊದಲೇ ಗುರಿ ಹಾಕಿಟ್ಟಿತ್ತು. ಈ ಹತ್ತು ಸಾವಿರ ಯಾವ ಡಾಕ್ಟರ್ ಹೇಳಿದ್ದು ಎಂದು ಹುಡುಕಿದೆ. ಡಾಕ್ಟರ್ ಯಾರೂ ಅಲ್ಲ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ಆಯಿತು, ಮರುವರ್ಷ ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆ ಯಂತ್ರವನ್ನು ಮಾರಲು ತಂದಿತು. ಅದರ ಹೆಸರಿಗೇ ಹತ್ತು ಸಾವಿರ ಹೆಜ್ಜೆ ಅಂಟಿಕೊಂಡಿತ್ತು. ದುಂಡನೆಯ ಅಂಕಿ, ನೆನಪಿಡಲು ಸುಲಭ, ಜಗತ್ತೆಲ್ಲ ಹಬ್ಬಿತು. ಅದಕ್ಕಿಂತ ಎಷ್ಟೋ ಕಡಿಮೆ ನಡೆದರೂ ಲಾಭ ಇದ್ದೇ ಇದೆ ಎಂದು ಈಗಿನ ಅಧ್ಯಯನಗಳು ಹೇಳುತ್ತವೆ. ಈ ಎರಡನೇ ಮಾತು ನನಗೆ ತುಂಬ ಹಿಡಿಸಿತು. ಅದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಆದರೆ ಬ್ಯಾಂಡಿನಲ್ಲಿ ನನಗೆ ಬೇರೆಯದೇ ಒಂದು ನಿಧಿ ಸಿಕ್ಕಿತು. ಒಂದು ದಿನ ಸಂಜೆ ರೊಟ್ಟಿ ಬಡಿಯಲು ಕೂತೆ. ಬ್ಯಾಂಡ್ ತೆಗೆದಿಡಲು ಮರೆತಿದ್ದೆ. ನಮ್ಮಲ್ಲಿ ರೊಟ್ಟಿ ಎಂದರೆ ಎರಡು ಮೂರು ಬಡಿದು ಏಳುವುದಲ್ಲ, ಮರುದಿನದ ಡಬ್ಬಿಗೂ ಸೇರಿಸಿ ಇಪ್ಪತ್ತಾದರೂ ಆಗಬೇಕು. ಕಲ್ಲಿನ ಮೇಲೆ ಒಣ ಹಿಟ್ಟು ಉದುರಿಸಿ, ಮುದ್ದೆ ಇಟ್ಟು, ಬಲಗೈಯಿಂದ ಪಟಪಟ ಬಡಿಯುತ್ತಾ ತಿರುಗಿಸುವುದು. ಕೊನೆಯ ರೊಟ್ಟಿ ತವೆಗೆ ಹಾಕುವಾಗ ಬ್ಯಾಂಡ್ ಝುಂ ಎಂದು ನಡುಗಿತು. ಅದರ ಮೇಲೆ ಒಂದು ಪುಟ್ಟ ಟ್ರೋಫಿ, ಸುತ್ತಲೂ ಬಣ್ಣದ ಚುಕ್ಕಿ. ಗುರಿ ಮುಟ್ಟಿದ್ದಕ್ಕೆ ನನಗೆ ಅಭಿನಂದನೆ.

ಕುಂತಲ್ಲೇ ನಾನು ಸಾವಿರಗಟ್ಟಲೆ ಹೆಜ್ಜೆ ನಡೆದಿದ್ದೆ!

ಬ್ಯಾಂಡಿಗೆ ಕಾಲು ಕಾಣುವುದಿಲ್ಲ. ಅದರೊಳಗೆ ಅಲುಗಾಟ ಅಳೆಯುವ ಒಂದು ಚಿಪ್ ಇರುತ್ತದೆ. ಕೈ ಒಂದೇ ಲಯದಲ್ಲಿ ಹಿಂದೆ ಮುಂದೆ ಆಡಿದರೆ ಅದನ್ನೇ ನಡಿಗೆ ಎಂದು ತಿಳಿಯುತ್ತದೆ. ಒಂದೆರಡು ಸಲ ಕೈ ಬೀಸಿದರೆ ಲೆಕ್ಕಕ್ಕೆ ಹಿಡಿಯುವುದಿಲ್ಲ, ಲಯ ಬಿಡದೆ ಸ್ವಲ್ಪ ಹೊತ್ತು ಆಡಿಸಬೇಕು. ರೊಟ್ಟಿಯ ಬಡಿತಕ್ಕಿಂತ ಒಳ್ಳೆ ಲಯ ಬೇಕಾ? ಇದರ ಉಲ್ಟಾ ಕೂಡ ಅಷ್ಟೇ ನಿಜ. ಸೂಪರ್ ಮಾರ್ಕೆಟ್ ಸುತ್ತಿ ಕಾಯಿಪಲ್ಯ ತಂದ ದಿನ, ಬ್ಯಾಂಡ್ ಇದ್ದ ಕೈಯಲ್ಲಿ ಭಾರದ ಚೀಲ ಹಿಡಿದಿದ್ದೆ. ಕೈ ಆಡಲಿಲ್ಲ. ಬೆವರು ಸುರಿಸಿಕೊಂಡು ಬಂದು ನೋಡಿದರೆ ಬ್ಯಾಂಡ್ ನನ್ನನ್ನು ಅರ್ಧ ದಾರಿಯೂ ನಡೆಯದ ಸೋಮಾರಿ ಎಂದು ಬರೆದಿಟ್ಟಿತ್ತು.

ಹೀಗೆ ನಡೆದರೆ ಬೈಗುಳ, ಕುಂತರೆ ಟ್ರೋಫಿ. ಯಾವುದನ್ನು ಆರಿಸಬೇಕು ಎಂದು ಯಾರಿಗಾದರೂ ಹೇಳಿಕೊಡಬೇಕೇ? ಪಬ್ಲಿಕ್ ಗಾರ್ಡನ್ನಿನ ಬೆಳಗಿನ ಚಳಿ ಬಿಟ್ಟೆ. ರೊಟ್ಟಿಯ ಸಂಖ್ಯೆ ಜಾಸ್ತಿ ಮಾಡಿದೆ. ಮನೆಯವರು "ಇಷ್ಟ್ಯಾಕ ರೊಟ್ಟಿ ಮಾಡ್ಲತ್ತೀ?" ಎಂದರೆ "ನಾ ವಾಕಿಂಗ್ ಮಾಡ್ಲತ್ತೀನ್ರಿ" ಎಂದೆ. ಬಡಿದ ರೊಟ್ಟಿ ಯಾರಾದರೂ ತಿನ್ನಬೇಕಲ್ಲ. ಆ ಪ್ರಶ್ನೆಯನ್ನು ಬ್ಯಾಂಡ್ ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಇನ್ನು ಚಾರ್ಟ್. ಅದರಲ್ಲಿ ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಕಿನೋವಾ, ನಡುವೆ ಅರ್ಧ ಅವಕಾಡೊ. ಹಣ್ಣಿನವನ ಹತ್ತಿರ ಅವಕಾಡೊ ಕೇಳಿದೆ. ಅವನು ಒಂದು ಕ್ಷಣ ಯೋಚಿಸಿ ಪೇರಲ ಕೊಟ್ಟ. ಪೇರಲದಲ್ಲೇ ಸುಖ ಕಂಡೆ. ಕಿನೋವಾದ ಬೆಲೆ ನೋಡಿ ಪೊಟ್ಟಣವನ್ನು ಇದ್ದಲ್ಲೇ ಇಟ್ಟು ಬಂದೆ. ಕೊನೆಗೆ ಚಾರ್ಟಿನಲ್ಲಿ ನನ್ನ ಮನೆಗೆ ಪರಿಚಯವಿದ್ದದ್ದು ಒಂದೇ ಸಾಲು: ರೊಟ್ಟಿ, ಒಂದು, 45 ಗ್ರಾಂ.

ಇಲ್ಲಿ ನನ್ನ ಗಣಿತಕ್ಕೆ ಕೆಲಸ ಸಿಕ್ಕಿತು. ನಾನು ಬಡಿದ ಬಿಸಿ ರೊಟ್ಟಿಯನ್ನು ಪುಟ್ಟ ತಕ್ಕಡಿಯ ಮೇಲೆ ಇಟ್ಟೆ. 65 ಗ್ರಾಂ. ಇದು ಮೋಸ ಎಂದು ಒಂದು ಚೂರು ಮುರಿದು ಪಕ್ಕಕ್ಕಿಟ್ಟೆ. ಆಮೇಲೆ ಡಬ್ಬದಲ್ಲಿದ್ದ ಖಡಕ್ ರೊಟ್ಟಿ ಇಟ್ಟು ನೋಡಿದೆ. ಅಗಲ ಅಷ್ಟೇ, ತೂಕ ಮಾತ್ರ 45ರ ಆಸುಪಾಸು. ಆಹಾ! ಇಡೀ ರೊಟ್ಟಿ ಚಾರ್ಟಿನೊಳಗೇ ಕೂತಿತು, ಚೂರು ಮುರಿಯುವ ಕೆಲಸವೇ ಇಲ್ಲ. ಅಂದಿನಿಂದ ಬಿಸಿ ರೊಟ್ಟಿ ಮನೆಯವರಿಗೆ, ಖಡಕ್ ರೊಟ್ಟಿ ನನಗೆ. ಅದರ ಮೇಲೆ ಶೇಂಗಾ ಹಿಂಡಿ. ಹಿಂಡಿ ಪುಡಿ ಅಲ್ವಾ, ಪುಡಿಗೆ ಏನು ತೂಕ ಎಂದು ಅದನ್ನು ತೂಗಲಿಲ್ಲ. ಒಂದು ದೊಡ್ಡ ಚಮಚ ಹಿಂಡಿಯಲ್ಲಿ ಹೆಚ್ಚುಕಡಿಮೆ ಅರ್ಧ ರೊಟ್ಟಿಯಷ್ಟು ಕ್ಯಾಲೊರಿ ಇರುತ್ತದೆ ಎಂದು ಗೊತ್ತಾದದ್ದು ಹಿಂಡಿಯ ಡಬ್ಬಿ ಖಾಲಿಯಾದ ಮೇಲೆ.

ಹಾಗಿದ್ದರೂ ಒಂದು ವಾರಕ್ಕೆ ಪವಾಡವೇ ಆಯಿತು. ಶುರುವಿನಲ್ಲಿ ಮಷಿನ್ 72.4 ತೋರಿಸಿತ್ತು. ಈಗ 70.4! ಎರಡು ಕಿಲೋ ಮಾಯ. ಇಳಿದು ಮತ್ತೆ ಹತ್ತಿದೆ. ಟೈಲ್ಸ್ ಸಮ ಇಲ್ಲವೇನೋ ಎಂದು ಜಾಗ ಬದಲಿಸಿ ಹತ್ತಿದೆ. 70.4. ಆ ದಿನ ನಾನು ಶಾಲೆಗೆ ನಡೆದು ಹೋಗಲಿಲ್ಲ, ತೇಲಿಕೊಂಡು ಹೋದೆ. ವಾರಕ್ಕೆ ಎರಡು ಎಂದರೆ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಎಷ್ಟು ಎಂದು ಕರಿಹಲಗೆಯ ಮೂಲೆಯಲ್ಲಿ ಲೆಕ್ಕ ಹಾಕಿದೆ. ಇದೇ ವೇಗದಲ್ಲಿ ಹೋದರೆ ದೀಪಾವಳಿ ಮುಗಿಯುವ ಮೊದಲೇ ನಾನು ಸೊನ್ನೆ ಕಿಲೋ ದಾಟಿ ಮೈನಸ್ಸಿಗೆ ಇಳಿಯುವವಳಿದ್ದೆ. ಹಳೆಯ ಚೂಡಿದಾರ ಹೊರಗೆ ತೆಗೆದೆ. ಸಹೋದ್ಯೋಗಿಗಳಿಗೆ ಡಯೆಟ್ ಬಗ್ಗೆ ಕೇಳದೆಯೇ ಸಲಹೆ ಕೊಡಲು ಶುರು ಮಾಡಿದೆ. ಒಬ್ಬ ಪಾಪದ ಕನ್ನಡ ಟೀಚರಿಗೆ ಅವರ ಡಬ್ಬಿಯಲ್ಲಿದ್ದ ಸುಸಲದಲ್ಲಿ ಎಷ್ಟು ಎಣ್ಣೆ ಇದೆ ಎಂದು ವಿವರಿಸಿದ್ದೂ ಉಂಟು. ಅವರು ಆಮೇಲೆ ಒಂದು ವಾರ ನನ್ನ ಕಡೆ ಬೆನ್ನು ಮಾಡಿ ಕೂತು ಉಂಡರು.

ಅಷ್ಟರಲ್ಲಿ ಎಳ್ಳಮವಾಸ್ಯೆ ಬಂತು.

ಈ ಹಬ್ಬ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಅವತ್ತು ಕಲಬುರಗಿ ಪೇಟೆಯಲ್ಲಿ ಮನುಷ್ಯರೇ ಕಾಣುವುದಿಲ್ಲ, ಎಲ್ಲರೂ ಹೊಲದಲ್ಲಿ. ಹಿಂದಿನ ದಿನದಿಂದಲೇ ಅಡುಗೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಸಜ್ಜಿ ಕಡುಬು, ಶೇಂಗಾ ಹೋಳಿಗೆ, ಹುಳಿ ಬಂದ ಜೋಳದ ಅಂಬಲಿ. ಇವೆಲ್ಲದರ ರಾಜ ಭಜ್ಜಿ. ಬೇರೆ ಊರಿನವರು ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು ಎಂದುಕೊಳ್ಳುತ್ತಾರೆ. ಇದು ಅದಲ್ಲ. ಹಸಿ ಕಡಲೆ, ಹಸಿ ತೊಗರಿ, ಅವರೆ, ಬಟಾಣಿ, ಬದನೆ, ಗಜ್ಜರಿ, ಮೆಂತ್ಯೆ, ಆ ದಿನಗಳಲ್ಲಿ ಸಿಗುವ ಸೊಪ್ಪು ಕಾಳು ಎಲ್ಲವನ್ನೂ ಹುಣಸೆ ಹುಳಿ, ಕಡಲೆ ಹಿಟ್ಟಿನ ಜೊತೆ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟದ್ದು. ಹೊಲದಲ್ಲಿ ಪಾಂಡವರ ಪೂಜೆ ಮಾಡಿ, ತಂದ ಅಡುಗೆಯನ್ನೇ ಚರಗವೆಂದು ನಾಲ್ಕೂ ದಿಕ್ಕಿಗೆ ಚೆಲ್ಲಿ, ಆಮೇಲೆ ಗಿಡದ ನೆರಳಿಗೆ ಕೂತು ಉಣ್ಣುವುದು. ಆ ವರ್ಷ ಮಳೆ ಕೈಕೊಟ್ಟಿತ್ತು, ಜೋಳ ಮೊಣಕಾಲು ದಾಟಿರಲಿಲ್ಲ. ಹಾಗೆಂದು ಚರಗದ ಬುಟ್ಟಿ ಸಣ್ಣದಾಗಲಿಲ್ಲ.

ನಮ್ಮ ಹೊಲ ಆಳಂದ ರಸ್ತೆಯ ಕಡೆ. ಟ್ರ್ಯಾಕ್ಟರಿನಿಂದ ಇಳಿಯುವಾಗಲೇ ನಾದಿನಿ ನನ್ನ ಕೈಗೆ ಒಂದು ರೊಟ್ಟಿ ಕೊಟ್ಟಳು, ಅದರ ಮೇಲೆ ಭಜ್ಜಿ.

"ನಾ ಡಯೆಟ್ ಅದೀನವ್ವ," ಎಂದೆ.

"ಹೌದು ವೈನಿ, ಅದಕ್ಕೇ ಬರೇ ಕಾಯಿಪಲ್ಯ ಹಾಕೀನಿ," ಎಂದಳು.

ಕಾಯಿಪಲ್ಯಕ್ಕೆ ಬೇಡ ಅನ್ನಲು ಚಾರ್ಟಿನಲ್ಲಿ ಅವಕಾಶ ಇರಲಿಲ್ಲ. ತಿಂದೆ. ಎರಡನೆಯದು ಭಾವನವರು ಕೊಟ್ಟದ್ದು. ಹಿರಿಯರು, ಅವರ ಕೈಯನ್ನು ಹಿಂದಕ್ಕೆ ಕಳಿಸಲಾಗುತ್ತದೆಯೇ? ಮೂರನೆಯದು ನಾನೇ ತೆಗೆದುಕೊಂಡೆ. ಯಾರೂ ಕೊಡದೆ ಇದ್ದರೆ ಬೇಜಾರು ಆಗಬಾರದಲ್ಲ. ಹೋಳಿಗೆ ಮುರಿದರೆ ಒಳಗಿನ ಶೇಂಗಾ ಬೆಲ್ಲದ ಹೂರಣ ಉದುರುತ್ತದೆ, ಹೊಲದಲ್ಲಿ ಉದುರಿಸುವುದು ಪಾಪ ಎಂದು ಇಡಿಯಾಗಿಯೇ ಬಾಯಿಗೆ ಹಾಕಿದೆ. ನಡುನಡುವೆ ಅಂಬಲಿ. ಸಾಯಂಕಾಲ ಹೊರಡುವ ಮುಂದೆ ಪಾತ್ರೆಯ ತಳದಲ್ಲಿ ಉಳಿದಿದ್ದ ಭಜ್ಜಿಯನ್ನು ನೋಡಿ ಅತ್ತೆ ನನ್ನ ಕಡೆ ತಿರುಗಿದರು.

"ಬರೇ ಅಂಬಲಿ ಅಂದಿದ್ದಿ ಹೌದಿಲ್ಲೋ? ಅದಾ ಮುಗೀತವ್ವ. ಇದ ಅದ ನೋಡು."

ಅದನ್ನೂ ಮುಗಿಸಿದೆ.

ಮರುದಿನ ಬೆಳಿಗ್ಗೆ ಮಷಿನ್ ಹತ್ತಿದೆ. 72.4. ಎರಡು ಕಿಲೋ ಪೂರ್ತಿ ವಾಪಸ್ಸು, ಒಂದು ಗ್ರಾಂ ಅತ್ತಿತ್ತ ಇಲ್ಲ. ಒಂದು ವಾರದ ಪೇರಲ, ಸಪ್ಪೆ ಓಟ್ಸ್, ರಾತ್ರಿ ಹಸಿವಿಗೆ ಎದ್ದು ಕುಡಿದ ನೀರು, ಎಲ್ಲ ಒಂದೇ ಮಧ್ಯಾಹ್ನದಲ್ಲಿ ಹೊಲದ ಪಾಲು. ಸ್ಟಾಫ್ ರೂಮಿನಲ್ಲಿ ಮುಖ ಬಾಡಿಸಿಕೊಂಡು ಕೂತಿದ್ದವಳನ್ನು ವಿಜ್ಞಾನದ ಟೀಚರ್ ಕೇಳಿದರು. ಹೇಳಿದೆ.

"ನೀವು ಗಣಿತದವರು. ಎರಡು ಕಿಲೋ ಕೊಬ್ಬು ಬರಬೇಕಂದ್ರ ಎಷ್ಟು ತಿನ್ನಬೇಕು, ಲೆಕ್ಕ ಹಾಕ್ರಿ."

ಹಾಕಿದೆ. ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಎರಡು ಕಿಲೋಗೆ 15,400. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಹೆಚ್ಚುಕಡಿಮೆ 340 ಕ್ಯಾಲೊರಿ, ನನ್ನ ರೊಟ್ಟಿಗೆ ಹಿಡಿಯುವ 45 ಗ್ರಾಂ ಹಿಟ್ಟಿಗೆ ಸುಮಾರು 150. ಭಾಗಿಸಿದರೆ ನೂರಾ ಎರಡು ರೊಟ್ಟಿ ಚಿಲ್ಲರೆ. ಅದೂ ದಿನಕ್ಕೆ ಬೇಕಾದದ್ದನ್ನು ತಿಂದ ಮೇಲೆ, ಹೆಚ್ಚುವರಿಯಾಗಿ.

"ತಿಂದೀರೇನು ನೂರು ರೊಟ್ಟಿ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಮನಸ್ಸಿನಲ್ಲಿ ಎಣಿಸುತ್ತಿದ್ದೆ. ನೂರು ಆಗಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ನೂರು ಆಗಿರಲಿಲ್ಲ.

ಹಾಗಾದರೆ ಬಂದ ಎರಡು ಕಿಲೋ ಏನು? ಅದಕ್ಕೂ ಮೊದಲು, ಹೋದ ಎರಡು ಕಿಲೋ ಏನು? ಅವರು ನನ್ನ ನೋಟ್‌ಬುಕ್ಕಿನಲ್ಲೇ ಬರೆದು ತೋರಿಸಿದರು. ನನ್ನ ತೂಕ, ಎತ್ತರ, ವಯಸ್ಸಿಗೆ ಸುಮ್ನೆ ಮಲಗಿದ್ದರೂ ಮೈಗೆ ದಿನಕ್ಕೆ 1,340 ಕ್ಯಾಲೊರಿಯಷ್ಟು ಬೇಕು. ಓಡಾಟ ಸೇರಿಸಿದರೆ ಸುಮಾರು 1,800. ನಾನು ತಿಂದದ್ದು 1,200 ಎಂದೇ ಹಿಡಿಯೋಣ, ಶೇಂಗಾ ಹಿಂಡಿಯ ವಿಷಯವನ್ನು ನಾನು ಅವರಿಗೆ ಹೇಳಲಿಲ್ಲ. ದಿನಕ್ಕೆ 600 ಖೋತಾ, ವಾರಕ್ಕೆ 4,200. ಕೊಬ್ಬಿನ ಲೆಕ್ಕದಲ್ಲಿ ಅದು ಅರ್ಧ ಕಿಲೋ, ಜೊತೆಗೆ ಒಂದು ಹಿಡಿ. ಮಷಿನ್ ತೋರಿಸಿದ್ದು ಎರಡು ಕಿಲೋ. ಉಳಿದ ಒಂದೂವರೆ ಕಿಲೋ ಕೊಬ್ಬೇ ಅಲ್ಲ.

ನಾವು ತಿಂದ ಜೋಳ, ಅನ್ನದ ಸ್ವಲ್ಪ ಭಾಗವನ್ನು ಮೈ ಗ್ಲೈಕೋಜನ್ ಎಂದು ಕೂಡಿಡುತ್ತದೆ. ಲಿವರ್‌ನಲ್ಲಿ ನೂರು ಗ್ರಾಂ ಆಸುಪಾಸು, ಸ್ನಾಯುಗಳಲ್ಲಿ ಅದರ ಮೂರು ನಾಲ್ಕು ಪಟ್ಟು. ಇದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ದಿಢೀರನೆ ಇಳಿಸಿದರೆ ಮೈ ಮೊದಲು ಕೈ ಹಾಕುವುದು ಈ ಗ್ಲೈಕೋಜನ್ನಿಗೇ. ಅದು 350 ಗ್ರಾಂ ಖಾಲಿಯಾದರೆ ಜೊತೆಯ ನೀರೂ ಹೊರಗೆ ಹೋಗುತ್ತದೆ. ಅಲ್ಲಿಗೆ 1,400 ಗ್ರಾಂ. ನನ್ನ ಲೆಕ್ಕ ಸರಿಹೋಯಿತು. ಅದಕ್ಕೇ ಯಾವ ಡಯೆಟ್ ಆದರೂ ಮೊದಲ ವಾರ ದೇವರೇ ಇಳಿದು ಬಂದ ಹಾಗೆ ಕಾಣುತ್ತದೆ, ಮೂರನೇ ವಾರಕ್ಕೆ ಮಷಿನ್ ಕೆಟ್ಟಿದೆಯೇನೋ ಅನ್ನಿಸುತ್ತದೆ. ಮಷಿನ್ ಸರಿಯಾಗಿಯೇ ಇರುತ್ತದೆ, ನೀರಿನ ಆಟ ಮುಗಿದಿರುತ್ತದೆ ಅಷ್ಟೇ.

ಹಬ್ಬದ ದಿನ ಆದದ್ದು ಇದರ ಉಲ್ಟಾ. ಜೋಳ, ಸಜ್ಜಿ, ಬೆಲ್ಲ ಹೊಟ್ಟೆ ತುಂಬ ಬಿದ್ದವು. ಖಾಲಿ ಇದ್ದ ಗ್ಲೈಕೋಜನ್ ತುಂಬಿಕೊಂಡಿತು, ಜೊತೆಗೆ ಅದರ ಮೂರು ಪಟ್ಟು ನೀರು. ಮೇಲೆ ಉಪ್ಪು. ಒಂದು ಲೀಟರ್ ಸಲೈನ್ ಬಾಟಲಿಯಲ್ಲಿ ಇರುವುದು 9 ಗ್ರಾಂ ಉಪ್ಪು. ಮೈಯೊಳಗೂ ಉಪ್ಪು ನೀರಿನ ಲೆಕ್ಕ ಹೆಚ್ಚುಕಡಿಮೆ ಹಾಗೇ ನಡೆಯುತ್ತದೆ. ಭಜ್ಜಿ, ಉಪ್ಪಿನಕಾಯಿ, ಹಿಂಡಿ ಸೇರಿ ನಾಲ್ಕೈದು ಗ್ರಾಂ ಉಪ್ಪು ಜಾಸ್ತಿಯಾದರೂ ಅರ್ಧ ಲೀಟರ್ ನೀರು ಒಂದೆರಡು ದಿನ ಮೈಯಲ್ಲೇ ಠಿಕಾಣಿ ಹೂಡುತ್ತದೆ. ಇನ್ನು ತಿಂದದ್ದು ಬೆಳಗಾಗುವುದರೊಳಗೆ ಪೂರ್ತಿ ಹೊರಗೆ ಹೋಗಿರುವುದಿಲ್ಲ. ಅದರದ್ದೂ ತೂಕ ಉಂಟು. ಭಜ್ಜಿಯಂಥ ನಾರಿನ ಊಟದ್ದು ಇನ್ನೂ ಜಾಸ್ತಿ.

ಪಾಠ ಇಷ್ಟಾದ ಮೇಲೆ ನಾನು ನನ್ನ ಖಡಕ್ ರೊಟ್ಟಿಯ ಉಪಾಯವನ್ನು ಹೆಮ್ಮೆಯಿಂದ ಹೇಳಿದೆ. ತೂಕ ಕಡಿಮೆ, ಹಾಗಾಗಿ ಕ್ಯಾಲೊರಿ ಕಡಿಮೆ ಎಂದು. ಅವರು ನಗಲು ಶುರು ಮಾಡಿದವರು ಗಂಟೆ ಹೊಡೆದರೂ ನಿಲ್ಲಿಸಲಿಲ್ಲ.

"ಅಯ್ಯ, ಅದರಾಗ ಹೋಗಿದ್ದು ನೀರು ಅಷ್ಟೇರಿ! ಹಿಟ್ಟು ಎಲ್ಲಿಗೆ ಹೋಯ್ತು? ಬಿಸಿ ರೊಟ್ಟಿಗೂ 150, ಖಡಕ್ ರೊಟ್ಟಿಗೂ 150. ನೀವೂ ಒಂದು ವಾರ ಖಡಕ್ ರೊಟ್ಟಿ ಆಗಿದ್ರಿ. ನಿನ್ನೆ ಭಜ್ಜಿಯೊಳಗ ಬಿದ್ದು ಮತ್ತ ಮೆತ್ತಗಾದ್ರಿ."

ಇದಕ್ಕಿಂತ ಚೆನ್ನಾಗಿ ಯಾವ ಡಯೆಟೀಷಿಯನ್ನೂ ನನಗೆ ಹೇಳಿಲ್ಲ.

ಮನೆಗೆ ಬಂದು ಬಾಕಿ ಲೆಕ್ಕವನ್ನೂ ಹಾಕಿದೆ. ಹಬ್ಬದ ದಿನ ತಿಂದದ್ದನ್ನೆಲ್ಲ, ಕದ್ದು ತಿಂದದ್ದೂ ಸೇರಿಸಿ, ಪಟ್ಟಿ ಮಾಡಿದೆ. ರೊಟ್ಟಿ ಒಂದಕ್ಕೆ 150, ಹೋಳಿಗೆ ಒಂದಕ್ಕೆ 250 ಹಿಡಿದೆ. ಕಡುಬು, ಭಜ್ಜಿಯ ಎಣ್ಣೆ, ಅಂಬಲಿ, ಎಷ್ಟು ಧಾರಾಳವಾಗಿ ಕೂಡಿಸಿದರೂ ಮೂರೂವರೆ ಸಾವಿರ ದಾಟಲಿಲ್ಲ. ಅದರಲ್ಲಿ 1,800 ಮೈಯ ಖರ್ಚಿಗೆ ಹೋಯಿತು. ಉಳಿದದ್ದು 1,700. ಅಂದರೆ ಇನ್ನೂರಿಪ್ಪತ್ತು ಗ್ರಾಂ ಕೊಬ್ಬು. ವಾರದಲ್ಲಿ ಕರಗಿದ್ದು ಐದುನೂರ ನಲವತ್ತೈದು. ಕಳೆದರೆ ಇನ್ನೂ ಮುನ್ನೂರು ಗ್ರಾಮಿನ ಮೇಲೆ ನನ್ನ ಲಾಭದಲ್ಲೇ ಇತ್ತು!

ಅಂದರೆ ನಾನು ಸೋತೇ ಇರಲಿಲ್ಲ. ಮಾಡಬೇಕಾದ್ದು ಇಷ್ಟೇ: ನಾಲ್ಕು ದಿನ ಎಂದಿನ ಊಟ ಮಾಡಿಕೊಂಡು ತೆಪ್ಪಗಿರುವುದು. ಉಪ್ಪಿನ ನೀರು ಇಳಿಯುತ್ತದೆ, ಹೊಟ್ಟೆ ಖಾಲಿಯಾಗುತ್ತದೆ, ಆಮೇಲೆ ಮಷಿನ್ ನಿಜ ಹೇಳುತ್ತದೆ. ದಿನವೂ ಹತ್ತಿ ಇಳಿದು ಕುಣಿಯುವುದಕ್ಕಿಂತ, ಬೆಳಿಗ್ಗೆ ಸಂಡಾಸಕ್ಕೆ ಹೋಗಿ ಬಂದು, ಏನೂ ತಿನ್ನುವ ಮೊದಲು ತೂಗಿ, ವಾರದ ಸರಾಸರಿ ತೆಗೆದು, ಈ ವಾರವನ್ನು ಹೋದ ವಾರದ ಜೊತೆ ಹೋಲಿಸಬೇಕಂತೆ. ಹೆಂಗಸರಾದರೆ ಮುಟ್ಟಿನ ದಿನಗಳ ಹತ್ತಿರ ಒಂದೆರಡು ಕಿಲೋ ನೀರು ಏರಿ ಇಳಿಯುತ್ತದೆ, ಹಾಗಾಗಿ ಒಂದು ತಿಂಗಳನ್ನು ಇನ್ನೊಂದು ತಿಂಗಳ ಜೊತೆ ಹೋಲಿಸಿದರೆ ಇನ್ನೂ ಒಳ್ಳೆಯದು. ಸರಾಸರಿ! ಮಕ್ಕಳಿಗೆ ವರ್ಷವೆಲ್ಲ ಕಲಿಸುವ ಪಾಠ.

ನಾಲ್ಕು ದಿನ ಕಾಯುತ್ತೇನೆ ಎಂದು ಫ್ರಿಜ್ಜಿನ ಮೇಲೆ ಬರೆದಿಟ್ಟೆ. ಆ ನಾಲ್ಕು ದಿನದೊಳಗೇ ಭೋಗಿ ಬಂತು. ಮತ್ತೆ ಸಜ್ಜಿ ರೊಟ್ಟಿ, ಮತ್ತೆ ಭಜ್ಜಿ, ಬೆಣ್ಣೆ. ಮರುದಿನ ಸಂಕ್ರಾಂತಿ. ಎಳ್ಳು ಬೆಲ್ಲ ಕೊಡಲು ಬಂದವರಿಗೆ "ನನ್ನ ಗ್ಲೈಕೋಜನ್ ಈಗಷ್ಟೇ ತುಂಬೇದ್ರಿ" ಎಂದು ಹೇಳಿ ನೋಡಿದೆ. ಒಬ್ಬರು ಗಾಬರಿಯಾಗಿ "ಡಾಕ್ಟರಿಗೆ ತೋರಿಸೀರೇನ್ರಿ?" ಎಂದು ಕೇಳಿದರು. ಅಲ್ಲಿಗೆ ಎಳ್ಳು ಬೆಲ್ಲ ತಿನ್ನುವುದೇ ಸುಲಭ ಅನ್ನಿಸಿತು.

ಚಾರ್ಟ್ ತಾನಾಗಿಯೇ ಉದುರಿತು. ಏಪ್ರಿಲ್ ಬಿಸಿಲಿಗೆ ಟೇಪು ಬಿಟ್ಟುಕೊಂಡಿತು, ನಾನು ಕಿತ್ತದ್ದಲ್ಲ. ಬ್ಯಾಂಡನ್ನು ಅತ್ತೆ ಕಟ್ಟಿಕೊಂಡಿದ್ದಾರೆ. ರೊಟ್ಟಿ ಬಡಿಯುವಾಗ ಅದು ನಡುಗಿದರೆ ಯಾರೋ ಫೋನ್ ಮಾಡಿದರು ಎಂದು ಎದ್ದು ಹೋಗುತ್ತಾರೆ, ಅದರಿಂದ ಅವರಿಗೆ ನಿಜವಾಗಿಯೂ ಒಂದಷ್ಟು ಹೆಜ್ಜೆ ಆಗುತ್ತದೆ. ಜಿಮ್ಮಿನಿಂದ ಡಿಸೆಂಬರಿನಲ್ಲಿ ಫೋನ್ ಬಂದಿತ್ತು. ಹಳೆ ಮೆಂಬರುಗಳಿಗೆ ರಿಯಾಯಿತಿ ಇದೆಯಂತೆ. ಹಳೆ ಮೆಂಬರ್ ಎಂದು ಕರೆದದ್ದಕ್ಕೆ ಮನಸ್ಸು ತುಂಬಿ ಬಂತು.

ತೂಕದ ಮಷಿನ್ ಮಾತ್ರ ಇನ್ನೂ ಕೆಲಸದಲ್ಲಿದೆ. ಗ್ಯಾಸ್ ಸಿಲಿಂಡರ್ ತಂದ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿ ನಮ್ಮನೆಯವರು ಅದರ ಮೇಲೆ ಇಡಿಸುತ್ತಾರೆ. ಸಿಲಿಂಡರಿನ ಮೇಲೆ ಬರೆದ ಖಾಲಿ ತೂಕಕ್ಕೆ 14.2 ಕೂಡಿಸಿ, ತಾಳೆ ಆದರೆ ಮಾತ್ರ ಒಳಗೆ. ಗ್ಯಾಸ್ ಎಷ್ಟು ಉಳಿದಿದೆ ಎಂದು ನೋಡಲು ವಾರಕ್ಕೊಮ್ಮೆ ಸಿಲಿಂಡರನ್ನು ಮತ್ತೆ ಮಷಿನ್ ಮೇಲೆ ಹತ್ತಿಸುತ್ತೇವೆ. ಯಾವ ಹಬ್ಬ ಬರಲಿ, ಭೋಗಿ ಬರಲಿ, ಪ್ರತಿ ವಾರ ತಪ್ಪದೆ ಇಳಿದಿರುತ್ತದೆ. ಹಬ್ಬದ ವಾರ ಇನ್ನೂ ಜಾಸ್ತಿ ಇಳಿಯುತ್ತದೆ. ನಮ್ಮ ಮನೆಯಲ್ಲಿ ಒಂದೊಂದು ಸಲಕ್ಕೆ ಹದಿನಾಲ್ಕು ಕಿಲೋ ಇಳಿಸಿ ತೋರಿಸಿದ್ದು ಅದೊಂದೇ.